15 ಡಿಗ್ರಿ ಸರಿಯಾಗಿ ಬಂತು, ಒಳಗಿನ ಲೆಕ್ಕವೂ ಸರಿಯೇ?

ಪ್ರಶ್ನೆ: ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಊರು ಪಾವಗಡ ತಾಲ್ಲೂಕು. ನಮ್ಮ ಪರಿಸರ ವಿಜ್ಞಾನದ ಮಾಡ್ಯೂಲಿನಲ್ಲಿ ಭೂಮಿಯ ತಾಪಮಾನ ಲೆಕ್ಕ ಹಾಕುವ ಒಂದು ಹವಾಮಾನ ಮಾದರಿ ಇದೆ. ವಾತಾವರಣ ಇಲ್ಲದಿದ್ದರೆ ಮೈನಸ್ 18 ಡಿಗ್ರಿ ಬರುತ್ತೆ, ಒಂದು ಪದರ ವಾತಾವರಣ ಹಾಕಿದರೆ 30 ಬರುತ್ತೆ. ನಿಜವಾದದ್ದು 15. ಆಗ ಎಪ್ಸಿಲಾನ್ ಬೆಲೆಯನ್ನು 0.78 ಅಂತ ಇಟ್ಟುಕೊಂಡರೆ ಸರಿಯಾಗಿ 15 ಸಿಗುತ್ತೆ ಅಂತ ಬರೆದಿದ್ದಾರೆ. ಉತ್ತರ ಮೊದಲೇ ಗೊತ್ತಿಟ್ಟುಕೊಂಡು ಸಂಖ್ಯೆ ಹೊಂದಿಸೋದು ಮೋಸ ಅಲ್ವಾ ಸರ್? ಅದೇ ಸೂತ್ರಕ್ಕೆ ತುಮಕೂರಿನ ಬಿಸಿಲು, ಅಂದರೆ ಸುಮಾರು 400 ವ್ಯಾಟ್ ಹಾಕಿ ನೋಡಿದೆ. 27 ಡಿಗ್ರಿ ಬಂತು, ಹೆಚ್ಚುಕಡಿಮೆ ಸರಿಯಾಗೇ ಇದೆ. ಹಾಗಾದರೆ ನಂಬಬಹುದಾ? ಅಪ್ಪ ಕಡಲೆಕಾಯಿ ಬೆಳೆಯುತ್ತಾರೆ. "ನಿನ್ನ ಪುಸ್ತಕ ನಮ್ಮೂರ ಮಳೆ ಬಗ್ಗೆ ಏನನ್ನುತ್ತೆ?" ಅಂತ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ.

ಉತ್ತರ: ಸಂಖ್ಯೆ ಹೊಂದಿಸುವುದು ಮೋಸವಲ್ಲ. ಹವಾಮಾನ ಮಾದರಿಗಳ ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ಕಡೆ ಹೊಂದಿಸಲೇಬೇಕು. ಆದರೆ 15 ಬರಲಿ ಅಂತ ಹೊಂದಿಸಿ, ಆಮೇಲೆ "ನೋಡಿ 15 ಬಂತು, ಮಾದರಿ ಸರಿಯಾಗಿದೆ" ಎಂದರೆ ಆ ಮಾತಿಗೆ ಬೆಲೆಯಿಲ್ಲ. ಹೊಂದಿಸಲು ಬಳಸಿದ ಸಂಖ್ಯೆ ಪರೀಕ್ಷೆಗೆ ಸಾಕ್ಷಿಯಾಗುವುದಿಲ್ಲ. ಮಾದರಿಯನ್ನು ಪರೀಕ್ಷಿಸಬೇಕಾದರೆ ಹೊಂದಿಸುವಾಗ ಬಳಸದೇ ಇದ್ದ ಇನ್ನೊಂದು ಸಂಖ್ಯೆಯನ್ನು ಅದರಿಂದ ಹೊರತೆಗೆದು, ಅಳತೆ ಮಾಡಿದ್ದರ ಪಕ್ಕದಲ್ಲಿಟ್ಟು ನೋಡಬೇಕು. ನಿಮ್ಮ ಮಾದರಿಯಲ್ಲಿ ಅಂಥ ಸಂಖ್ಯೆ ಒಂದಿದೆ. ಅಲ್ಲಿಗೆ ಹೋಗುವ ಮೊದಲು ಲೆಕ್ಕವನ್ನು ಒಂದು ಸಲ ನಿಧಾನವಾಗಿ ಮಾಡೋಣ, ಯಾಕೆಂದರೆ ಯಾವ ಹೆಜ್ಜೆಯಲ್ಲಿ ಯಾವ ಊಹೆ ಒಳಗೆ ಸೇರಿಕೊಂಡಿತು ಎನ್ನುವುದು ಅಲ್ಲೇ ಕಾಣುತ್ತದೆ.

ಸೂರ್ಯನಿಗೆ ನೇರ ಮುಖಮಾಡಿದ ಒಂದು ಚದರ ಮೀಟರಿಗೆ, ವಾತಾವರಣದ ಹೊರಗೆ, ಸುಮಾರು 1361 ವ್ಯಾಟ್ ಬೀಳುತ್ತದೆ. ಭೂಮಿ ಈ ಬೆಳಕನ್ನು ತಟ್ಟೆಯಷ್ಟು ಅಗಲದಲ್ಲಿ ಹಿಡಿಯುತ್ತದೆ, ಆದರೆ ಅದನ್ನು ಗೋಳದ ಇಡೀ ಮೈಗೆ ಹಂಚಿಕೊಳ್ಳುತ್ತದೆ. ಗೋಳದ ಮೈ ಆ ತಟ್ಟೆಯ ನಾಲ್ಕು ಪಟ್ಟು, ಆದ್ದರಿಂದ 4ರಿಂದ ಭಾಗಿಸುತ್ತೇವೆ. ಹೀಗೆ ಭಾಗಿಸಿದ ಕ್ಷಣದಲ್ಲೇ ಹಗಲು–ರಾತ್ರಿ, ಬೇಸಿಗೆ–ಚಳಿಗಾಲ, ಸಮಭಾಜಕ–ಧ್ರುವ ಎಲ್ಲ ಒಂದಾಗಿಬಿಟ್ಟವು. ಇಡೀ ಭೂಮಿ ಒಂದು ಚುಕ್ಕೆಯಾಯಿತು. ಆಮೇಲೆ ಮೋಡ, ಮಂಜುಗಡ್ಡೆ, ಮರಳು ಎಲ್ಲ ಸೇರಿ ನೂರಕ್ಕೆ 30 ಭಾಗ ಬೆಳಕನ್ನು ವಾಪಸ್ ಕಳಿಸುತ್ತವೆ ಎಂದು ಇಟ್ಟುಕೊಳ್ಳುತ್ತೇವೆ. ಇದಕ್ಕೆ ಆಲ್ಬೆಡೊ ಎನ್ನುತ್ತಾರೆ. ಉಳಿಯುವುದು ಚದರ ಮೀಟರಿಗೆ 238 ವ್ಯಾಟ್. ಬಂದಷ್ಟೇ ಶಾಖ ಹೊರಗೂ ಹೋಗುತ್ತಿದೆ ಎಂದುಕೊಂಡು ಲೆಕ್ಕ ಬಿಡಿಸಿದರೆ 255 ಕೆಲ್ವಿನ್, ಅಂದರೆ ಮೈನಸ್ 18. ಇದರ ಮೇಲೆ ಒಂದು ವಾತಾವರಣದ ಪದರ ಹೊದಿಸಿದರೆ ಸೂತ್ರ ಹೀಗಾಗುತ್ತದೆ:

```
T = [ S(1 − α) / (4σ(1 − ε/2)) ]^(1/4)
S = 1361,  α = 0.30,  σ = 5.67 × 10⁻⁸
```

ಇಲ್ಲಿ T ನೆಲದ ತಾಪಮಾನ, S ಸೂರ್ಯನ ಬಿಸಿಲು, α ಆಲ್ಬೆಡೊ, σ ಸ್ಟೆಫಾನ್–ಬೋಲ್ಟ್ಸ್‌ಮನ್ ಸ್ಥಿರಾಂಕ. ε, ಅಂದರೆ ಎಪ್ಸಿಲಾನ್, ನೆಲದಿಂದ ಮೇಲೇಳುವ ಶಾಖಕಿರಣದಲ್ಲಿ ಎಷ್ಟು ಪಾಲನ್ನು ಆ ಪದರ ಹಿಡಿದುಕೊಳ್ಳುತ್ತದೆ ಎಂಬ ಅಳತೆ. ಎಲ್ಲವನ್ನೂ ಹಿಡಿದರೆ, ಅಂದರೆ 1 ಆದರೆ, 303 ಕೆಲ್ವಿನ್. ಅದೇ ನಿಮ್ಮ 30 ಡಿಗ್ರಿ. 0.78 ಆದರೆ 288 ಕೆಲ್ವಿನ್, ಅಂದರೆ 15 ಡಿಗ್ರಿ.

ಈ ಪದರದ ಜೊತೆ ಮೂರು ಊಹೆಗಳು ಸದ್ದಿಲ್ಲದೆ ಬಂದಿವೆ, ಮಾಡ್ಯೂಲುಗಳಲ್ಲಿ ಇವನ್ನು ಸಾಮಾನ್ಯವಾಗಿ ಬಿಡಿಸಿ ಬರೆಯುವುದಿಲ್ಲ. ಬಿಸಿಲು ಈ ಪದರವನ್ನು ಒಂದಿಷ್ಟೂ ನಷ್ಟವಿಲ್ಲದೆ ದಾಟಿ ನೆಲ ಮುಟ್ಟುತ್ತದೆ. ಪದರಕ್ಕೆಲ್ಲ ಒಂದೇ ತಾಪಮಾನ. ನೆಲದಿಂದ ಪದರಕ್ಕೆ ಶಾಖ ಹೋಗುವುದು ಕಿರಣದ ರೂಪದಲ್ಲಿ ಮಾತ್ರ, ಬಿಸಿಗಾಳಿ ಮೇಲೇರುವುದಿಲ್ಲ, ನೀರು ಆವಿಯಾಗುವುದಿಲ್ಲ.

ಈಗ ನಾನು ಹೇಳಿದ ಆ ಇನ್ನೊಂದು ಸಂಖ್ಯೆಗೆ ಬರೋಣ. ವಾತಾವರಣ ಕೆಳಮುಖವಾಗಿ ನೆಲಕ್ಕೆ ವಾಪಸ್ ಕಳಿಸುವ ಶಾಖ ಎಷ್ಟು? ನಿಮ್ಮ ಮಾದರಿಯಲ್ಲಿ ಇದನ್ನು ತೆಗೆಯುವುದು ಸುಲಭ. 15 ಡಿಗ್ರಿಯ ನೆಲ 390 ವ್ಯಾಟ್ ಹೊರಸೂಸುತ್ತದೆ. ಅದಕ್ಕೆ ಬಿಸಿಲಿನಿಂದ ಸಿಕ್ಕಿದ್ದು 238. ಉಳಿದ 152 ವ್ಯಾಟ್ ಮೇಲಿನ ಪದರದಿಂದಲೇ ಬರಬೇಕು. ಪದರದ ತಾಪಮಾನ ಮೈನಸ್ 31 ಡಿಗ್ರಿ ಎಂದು ಈ ಮಾದರಿ ಹೇಳುತ್ತದೆ, ಅದರಿಂದ ಲೆಕ್ಕ ಹಾಕಿದರೂ ಅದೇ 152 ಸಿಗುತ್ತದೆ. ಆದರೆ ನೆಲದ ಮೇಲೆ ಉಪಕರಣ ಇಟ್ಟು ಅಳೆದ ಸರಾಸರಿ ಸುಮಾರು 340 ವ್ಯಾಟ್. ಎರಡು ಪಟ್ಟಿಗಿಂತ ಹೆಚ್ಚು.

ಇಷ್ಟು ದೊಡ್ಡ ತಪ್ಪು ಒಳಗಿದ್ದೂ 15 ಹೇಗೆ ಬಂತು? ನಿಜವಾದ ಭೂಮಿಯಲ್ಲಿ ಬಿಸಿಲಿನ 238 ವ್ಯಾಟ್ ಪೂರ್ತಿ ನೆಲ ಮುಟ್ಟುವುದಿಲ್ಲ. ಸುಮಾರು 80 ವ್ಯಾಟ್ ದಾರಿಯಲ್ಲೇ ನೀರಾವಿ, ಓಜೋನ್, ದೂಳು, ಮೋಡಗಳು ಹೀರಿಕೊಳ್ಳುತ್ತವೆ, ನೆಲಕ್ಕೆ ಸಿಗುವುದು 160. ಅದಕ್ಕೆ ವಾತಾವರಣದ 340 ಸೇರಿದರೆ 500. ಇದರಲ್ಲಿ ಸುಮಾರು 80 ವ್ಯಾಟ್ ನೀರನ್ನು ಆವಿ ಮಾಡುವುದಕ್ಕೂ 20 ವ್ಯಾಟ್ ಬಿಸಿಗಾಳಿಯಾಗಿ ಮೇಲೇರುವುದಕ್ಕೂ ಖರ್ಚಾಗುತ್ತದೆ. ಕಿರಣವಾಗಿ ಹೊರಡಬೇಕಾದದ್ದು 400ರ ಆಸುಪಾಸು. ನಿಮ್ಮ ಮಾದರಿಯಲ್ಲಿ ಬಿಸಿಲಿನ ಆದಾಯ 80 ವ್ಯಾಟ್ ಜಾಸ್ತಿ ಬರೆದಿದೆ, ವಾತಾವರಣದಿಂದ ಬಂದ ಆದಾಯ 190 ಕಡಿಮೆ ಬರೆದಿದೆ, ಆವಿ–ಗಾಳಿಯ 100 ವ್ಯಾಟ್ ಖರ್ಚನ್ನು ಬರೆದೇ ಇಲ್ಲ. ಒಂದರ ತಪ್ಪನ್ನು ಇನ್ನೊಂದು ನುಂಗಿ ಕೊನೆಯ ಮೊತ್ತ ಮಾತ್ರ ಸರಿ ಬಂದ ಅಂಗಡಿ ಲೆಕ್ಕದ ಹಾಗೆ. 0.78 ಎನ್ನುವುದು ಯಾವುದೋ ಅನಿಲದ ಗುಣವಲ್ಲ. ಈ ಮೂರು ತಪ್ಪುಗಳ ಬಾಕಿಯನ್ನು ಹೊತ್ತುಕೊಂಡು ನಿಂತಿರುವ ಸಂಖ್ಯೆ ಅದು.

ಹಾಗೆಂದು ಮಾದರಿಯನ್ನೇ ಎಸೆಯಬೇಡಿ. ಕಾಲೇಜುಗಳಲ್ಲಿ ಎರಡು ಅತಿಗಳನ್ನು ನಾನು ಕಾಣುತ್ತಾ ಬಂದಿದ್ದೇನೆ. ಒಂದು, ಸಂಖ್ಯೆ ಹೊಂದಿತು ಅಂದಮೇಲೆ ಎಲ್ಲ ಸರಿ ಎನ್ನುವುದು. ಇನ್ನೊಂದು, ಒಳಗೆ ತಪ್ಪಿದೆ ಅಂದಮೇಲೆ ಭೂಮಿ ಬಿಸಿಯಾಗುತ್ತಿರುವುದೇ ಸುಳ್ಳು ಎನ್ನುವುದು. ಎರಡೂ ಸರಿಯಲ್ಲ. ಶಾಖ ಹಿಡಿಯುವ ಅನಿಲವಿಲ್ಲದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು, ಆ ಅನಿಲ ಹೆಚ್ಚಾದರೆ ನೆಲ ಬಿಸಿಯಾಗಬೇಕು ಎನ್ನುವ ಎರಡು ಮಾತನ್ನು ಈ ಪುಟ್ಟ ಸೂತ್ರ ಗಟ್ಟಿಯಾಗಿ ಹೇಳುತ್ತದೆ. ಯಾಕೆಂದರೆ ಆ ಮಾತುಗಳು 0.78 ಎಂಬ ಬೆಲೆಯ ಮೇಲೆ ನಿಂತಿಲ್ಲ. ಎಪ್ಸಿಲಾನ್ 0.6 ಇರಲಿ, 0.9 ಇರಲಿ, ಅದನ್ನು ಏರಿಸಿದರೆ ತಾಪಮಾನ ಏರಲೇಬೇಕು. ಹೊಂದಿಸಿದ ಸಂಖ್ಯೆಯನ್ನು ಬದಲಿಸಿದರೂ ಬದಲಾಗದೆ ಉಳಿಯುವ ತೀರ್ಮಾನ ಯಾವುದು, ಬದಲಾಗುವುದು ಯಾವುದು ಎಂದು ಬೇರ್ಪಡಿಸಿ ನೋಡುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ, ಮುಂದೆ ಎಷ್ಟು ದೊಡ್ಡ ಮಾದರಿ ಕೈಗೆ ಬಂದರೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ.

"ಎಷ್ಟು ಡಿಗ್ರಿ ಏರುತ್ತದೆ?" ಎಂದು ಕೇಳಿದಾಗ ಮಾತ್ರ ಈ ಮಾದರಿಯ ಕಾಲು ಕುಸಿಯುತ್ತದೆ. ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಎಪ್ಸಿಲಾನ್ ಎಷ್ಟಾಗುತ್ತದೆ ಎಂದು ಸೂತ್ರ ಹೇಳುವುದಿಲ್ಲ, ಅದನ್ನು ಹೊರಗಿನಿಂದ ತರಬೇಕು. ಅನಿಲಗಳ ಹೀರಿಕೆಯನ್ನು ವಿವರವಾಗಿ ಲೆಕ್ಕ ಹಾಕಿದವರು ಎರಡು ಪಟ್ಟಾದರೆ ಚದರ ಮೀಟರಿಗೆ ಸುಮಾರು 4 ವ್ಯಾಟ್ ಶಾಖ ಒಳಗೇ ಉಳಿಯುತ್ತದೆ ಎನ್ನುತ್ತಾರೆ. ನಿಮ್ಮ ಸೂತ್ರದಲ್ಲಿ ಅದು ಎಪ್ಸಿಲಾನನ್ನು 0.78ರಿಂದ 0.80ಕ್ಕೆ ಏರಿಸಿದ್ದಕ್ಕೆ ಸಮ. ಹಾಕಿ ನೋಡಿ, ಸುಮಾರು 1.2 ಡಿಗ್ರಿ ಏರುತ್ತದೆ. ಈ 1.2 ಕೆಟ್ಟ ಉತ್ತರವಲ್ಲ. ಉಳಿದದ್ದೆಲ್ಲ ಇದ್ದಲ್ಲೇ ಇದ್ದು ತಾಪಮಾನ ಮಾತ್ರ ಬದಲಾದರೆ ಏರುವುದು ಅಷ್ಟೇ ಎಂದು ದೊಡ್ಡ ಮಾದರಿಗಳೂ ಒಪ್ಪುತ್ತವೆ. ಆದರೆ ಉಳಿದದ್ದು ಇದ್ದಲ್ಲೇ ಇರುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು ನೂರಕ್ಕೆ 7ರಷ್ಟು ಹೆಚ್ಚುತ್ತದೆ. ನೀರಾವಿಯೂ ಶಾಖ ಹಿಡಿಯುತ್ತದೆ. ಮಂಜು ಕರಗುತ್ತದೆ, ಮೋಡ ಬದಲಾಗುತ್ತದೆ. ಇದೆಲ್ಲ ಸೇರಿಸಿದರೆ ಎರಡು ಪಟ್ಟು ಇಂಗಾಲಕ್ಕೆ ಸುಮಾರು 3 ಡಿಗ್ರಿ, ಹೆಚ್ಚಿನ ಸಾಧ್ಯತೆ ಇರುವುದು 2.5ರಿಂದ 4ರ ನಡುವೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಹೇಳಿತು. ನಿಮ್ಮ ಮಾದರಿಯ 1.2ಕ್ಕೂ ಈ 3ಕ್ಕೂ ನಡುವೆ ಇರುವುದು ಪೂರ್ತಿ ನಿಮ್ಮ ಸೂತ್ರದಲ್ಲಿ ಜಾಗವೇ ಇಲ್ಲದ ಸಂಗತಿಗಳು.

ಇಲ್ಲೇ ಇನ್ನೊಂದು ಲೆಕ್ಕ ಮಾಡಿ. ಆಲ್ಬೆಡೊ 0.30 ಬದಲು 0.31 ಎಂದು ಹಾಕಿ, ಎಪ್ಸಿಲಾನ್ 0.78ರಲ್ಲೇ ಇರಲಿ. ನೆಲ 1 ಡಿಗ್ರಿ ತಣ್ಣಗಾಗುತ್ತದೆ. ಮೋಡದ ಹೊದಿಕೆಯ ಪ್ರತಿಫಲನ ನೂರಕ್ಕೆ ಒಂದಂಶ ಆಚೀಚೆ ಆದರೆ, ಈ ಮಾದರಿಯಲ್ಲಿ ಅದು ಇಂಗಾಲ ಎರಡು ಪಟ್ಟಾದ ಪರಿಣಾಮವನ್ನು ಬಹುಪಾಲು ಅಳಿಸಿಹಾಕುತ್ತದೆ. ದೊಡ್ಡ ಮಾದರಿಗಳಲ್ಲೂ 2.5 ಮತ್ತು 4ರ ನಡುವಿನ ಅಂತರ ಇನ್ನೂ ಕಿರಿದಾಗದಿರುವುದಕ್ಕೆ ಮುಖ್ಯ ಕಾರಣ ಮೋಡಗಳೇ. ನಿಮ್ಮ ಮಾಡ್ಯೂಲಿನಲ್ಲಿ α = 0.30 ಎಂದು ಅರ್ಧ ಸಾಲಿನಲ್ಲಿ ಮುಗಿಸಿದ್ದಾರೆ, ನಿಜವಾದ ಕಷ್ಟ ಇರುವುದು ಆ ಅರ್ಧ ಸಾಲಿನಲ್ಲಿ.

ಇನ್ನು ನಿಮ್ಮ ತುಮಕೂರಿನ 27 ಡಿಗ್ರಿ. ನೀವಾಗಿಯೇ ಲೆಕ್ಕ ಹಾಕಿ ನೋಡಿದ್ದು ನನಗೆ ತುಂಬ ಸಂತೋಷ ತಂದಿತು, ಆದರೆ ಅದನ್ನು ನಂಬಬೇಡಿ. S/4ರ ಬದಲು ಒಂದೇ ಜಾಗದ ಬಿಸಿಲನ್ನು ಈ ಸೂತ್ರಕ್ಕೆ ಹಾಕಿದಾಗ ಆ ಜಾಗಕ್ಕೆ ಅಕ್ಕಪಕ್ಕದಿಂದ ಶಾಖ ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಒಪ್ಪಿಕೊಂಡಂತೆ. ಇಡೀ ಭೂಮಿಗೆ ಅದು ಸರಿ, ಭೂಮಿಗೆ ಅಕ್ಕಪಕ್ಕ ಯಾರೂ ಇಲ್ಲ. ತುಮಕೂರಿಗೆ ಸರಿಯಲ್ಲ. ಅನುಮಾನವಿದ್ದರೆ ಫಿನ್ಲೆಂಡಿನ ಹೆಲ್ಸಿಂಕಿಗೆ ಹಾಕಿ ನೋಡಿ. 60 ಡಿಗ್ರಿ ಅಕ್ಷಾಂಶದಲ್ಲಿ ವರ್ಷದ ಸರಾಸರಿ ಬಿಸಿಲು ಸುಮಾರು 240 ವ್ಯಾಟ್. ಸೂತ್ರ ಮೈನಸ್ 9 ಎನ್ನುತ್ತದೆ, ನಿಜವಾದ ವಾರ್ಷಿಕ ಸರಾಸರಿ ಸೊನ್ನೆಗಿಂತ 5–6 ಡಿಗ್ರಿ ಮೇಲೆ. ಸಾಗರ ಮತ್ತು ಗಾಳಿ ನಮ್ಮಂಥ ಬಿಸಿ ಪ್ರದೇಶಗಳ ಶಾಖವನ್ನು ಅಲ್ಲಿಗೆ ಹೊತ್ತೊಯ್ಯುತ್ತವೆ. 1969ರಲ್ಲಿ ಬುಡಿಕೊ ಮತ್ತು ಸೆಲ್ಲರ್ಸ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಮಾಡಿದ್ದು ಇದನ್ನೇ: ಭೂಮಿಯನ್ನು ಅಕ್ಷಾಂಶದ ಪಟ್ಟಿಗಳಾಗಿ ಸೀಳಿ, ಪಟ್ಟಿಯಿಂದ ಪಟ್ಟಿಗೆ ಶಾಖ ಹರಿಯಲು ದಾರಿ ಮಾಡಿಕೊಟ್ಟರು.

ಹೆಲ್ಸಿಂಕಿವರೆಗೂ ಹೋಗಬೇಕಾಗಿಲ್ಲ, ಪರೀಕ್ಷೆ ನಿಮ್ಮ ಕಾಲೇಜಿನ ಅಂಗಳದಲ್ಲೇ ಇದೆ. ತುಮಕೂರಿನಲ್ಲಿ ವರ್ಷಕ್ಕೆ ಎರಡು ಸಲ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಒಂದು ಏಪ್ರಿಲ್ ಕೊನೆಯ ವಾರ, ಇನ್ನೊಂದು ಆಗಸ್ಟ್ ಮಧ್ಯಭಾಗ. ವಾತಾವರಣದ ಮೇಲ್ತುದಿಗೆ ಬೀಳುವ ಬಿಸಿಲು ಎರಡೂ ದಿನ ಹೆಚ್ಚುಕಡಿಮೆ ಒಂದೇ, ದಿನದ ಸರಾಸರಿ ಸುಮಾರು 440 ವ್ಯಾಟ್. ಆದ್ದರಿಂದ ಸೂತ್ರ ಎರಡೂ ದಿನಕ್ಕೆ ಒಂದೇ ತಾಪಮಾನ ಕೊಡುತ್ತದೆ, ಸುಮಾರು 34. ಆದರೆ ತುಮಕೂರಿನಲ್ಲಿ ಒಂದು ವರ್ಷ ಬಾಳಿದವರಿಗೂ ಗೊತ್ತು, ಏಪ್ರಿಲ್ ಮಧ್ಯಾಹ್ನ 35 ಡಿಗ್ರಿಯ ಆಸುಪಾಸು ಕುದಿಯುತ್ತದೆ, ಆಗಸ್ಟ್ ಮಧ್ಯಾಹ್ನ 30ರ ಒಳಗೇ ಇರುತ್ತದೆ.

ಸರಿ, ಆಗಸ್ಟಿನಲ್ಲಿ ಮುಂಗಾರು ಮೋಡ ಇರುತ್ತದಲ್ಲ, ಆಲ್ಬೆಡೊವನ್ನು 0.40 ಮಾಡೋಣ ಎಂದುಕೊಳ್ಳಿ. ಲೆಕ್ಕ 34ರಿಂದ 22ಕ್ಕೆ ಬೀಳುತ್ತದೆ, ಅತಿಯಾಯಿತು. ಯಾಕೆಂದರೆ ಮೋಡ ಬಿಸಿಲನ್ನು ತಡೆಯುವುದಷ್ಟೇ ಅಲ್ಲ, ನೆಲದ ಶಾಖವನ್ನೂ ಹಿಡಿದಿಡುತ್ತದೆ. ಮೋಡ ಕವಿದ ರಾತ್ರಿ ಸೆಕೆಯಾಗುವುದು ಅದಕ್ಕೇ. ಹಾಗಾದರೆ ಎಪ್ಸಿಲಾನನ್ನೂ ಏರಿಸಬೇಕು. ಮಳೆ ಬಿದ್ದ ಕೆಂಪು ಮಣ್ಣಿನಿಂದ ನೀರು ಆವಿಯಾಗುತ್ತಿರುತ್ತದೆ. ದಿನಕ್ಕೆ ಒಂದು ಮಿಲಿಮೀಟರ್ ನೀರು ಆವಿಯಾಗಲು ಸುಮಾರು 28 ವ್ಯಾಟ್ ಬೇಕು, ಮೂರು ಮಿಲಿಮೀಟರ್ ಆದರೆ 85 ವ್ಯಾಟ್ ನೆಲವನ್ನು ಬಿಸಿ ಮಾಡದೆಯೇ ಖರ್ಚಾಯಿತು. ಅದನ್ನು ಸೇರಿಸಲು ಸೂತ್ರದಲ್ಲಿ ಜಾಗವೇ ಇಲ್ಲ. ಗಮನಿಸಿ ನೋಡಿ, ಆಗಸ್ಟಿನ ತಾಪಮಾನ ಕೇಳಿದರೆ ಈ ಮಾದರಿ ವಾಪಸ್ ನಿಮ್ಮನ್ನೇ ಕೇಳುತ್ತಿದೆ: ಮೋಡ ಎಷ್ಟು, ತೇವ ಎಷ್ಟು, ಮಳೆ ಎಷ್ಟು ಅಂತ. ಮಳೆಯನ್ನು ನಾವೇ ಹೊರಗಿನಿಂದ ಕೊಟ್ಟ ಮೇಲೆ ಅದರಿಂದ ಮಳೆಯ ಬಗ್ಗೆ ಏನು ತಿಳಿಯಲು ಸಾಧ್ಯ?

ಹೀಗಾಗಿ ನಿಮ್ಮ ಅಪ್ಪನವರ ಪ್ರಶ್ನೆಗೆ ಈ ಪುಸ್ತಕದ ಮಾದರಿ ಕೊಡುವ ಪ್ರಾಮಾಣಿಕ ಉತ್ತರ "ಏನೂ ಹೇಳುವುದಿಲ್ಲ" ಎಂಬುದು. ಅದನ್ನು ಅವರಿಗೆ ಹೇಳಲು ಸಂಕೋಚ ಬೇಡ.

ದೊಡ್ಡ ಮಾದರಿಗಳು ಹೇಳುತ್ತವೆಯೇ? ಅವು ವಾತಾವರಣವನ್ನು ಚೌಕಗಳಾಗಿ, ಒಂದರ ಮೇಲೊಂದು ಪದರಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ಗಾಳಿ, ಶಾಖ, ತೇವದ ಚಲನೆಯನ್ನು ಲೆಕ್ಕ ಹಾಕುತ್ತವೆ. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯಲ್ಲಿ ನಮ್ಮ ದೇಶದ್ದೇ ಆದ ಅಂಥ ಮಾದರಿ ಇದೆ. ಇಂಥ ಜಾಗತಿಕ ಮಾದರಿಗಳಲ್ಲಿ ಒಂದು ಚೌಕದ ಬದಿ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸು ಇರುತ್ತದೆ. ಅಂದರೆ 10,000 ಚದರ ಕಿ.ಮೀ. ತುಮಕೂರು ಜಿಲ್ಲೆಯ ವಿಸ್ತೀರ್ಣ 10,600 ಚದರ ಕಿ.ಮೀ. ಆಸುಪಾಸು. ಇಡೀ ಜಿಲ್ಲೆ ಒಂದು ಚೌಕ! ತಿಪಟೂರಿನ ತೆಂಗಿನ ತೋಟ, ದೇವರಾಯನದುರ್ಗದ ಬೆಟ್ಟ, ನಿಮ್ಮ ಪಾವಗಡದ ಕಡಲೆಕಾಯಿ ಹೊಲ, ಎಲ್ಲಕ್ಕೂ ಒಂದೇ ಎತ್ತರ, ಒಂದೇ ಮಳೆ. ವರ್ಷಕ್ಕೆ 600 ಮಿಲಿಮೀಟರ್ ಕಾಣುವುದೇ ಕಷ್ಟವಾದ ಪಾವಗಡ ಆ ಸರಾಸರಿಯೊಳಗೆ ಕಾಣೆಯಾಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ಬಯಲುಸೀಮೆಗೆ ಮಳೆ ಕಡಿಮೆಯಾಗಿರುವುದು ಪಶ್ಚಿಮ ಘಟ್ಟದ ನೆರಳಿನಲ್ಲಿ ಇರುವುದರಿಂದ. ಘಟ್ಟದ ಕಡಿದಾದ ಮುಖ 100 ಕಿ.ಮೀ. ಚೌಕದಲ್ಲಿ ಸವೆದು ಸಣ್ಣ ಇಳಿಜಾರಾಗಿಬಿಡುತ್ತದೆ, ಆಗ ಕರಾವಳಿಯಲ್ಲಿ ಸುರಿಯಬೇಕಾದದ್ದು ಅಲ್ಲಿ ಸುರಿಯುವುದಿಲ್ಲ, ಈಚೆ ಬೀಳಬಾರದ್ದು ಬೀಳುತ್ತದೆ. ನಿಮ್ಮ ಕಡೆ ಹೆಚ್ಚಿನ ಮಳೆ ತರುವುದು ಸೆಪ್ಟೆಂಬರ್–ಅಕ್ಟೋಬರಿನ ಉತ್ತರೆ, ಹಸ್ತ, ಚಿತ್ತೆಯ ಗುಡುಗು ಮೋಡಗಳು. ಅವು ಕೆಲವೇ ಕಿಲೋಮೀಟರ್ ಅಗಲ. ಒಂದು ಊರಿಗೆ ಹದವಾಗಿ ಸುರಿದು ಪಕ್ಕದ ಊರನ್ನು ಒಣಗಿಸಿ ಹೋಗುತ್ತವೆ. ಮಾದರಿಯ ಚೌಕಕ್ಕೆ ಆ ಮೋಡ ಕಾಣುವುದೇ ಇಲ್ಲ. ಆದ್ದರಿಂದ ಚೌಕದ ಸರಾಸರಿ ತೇವ, ತಾಪಮಾನ ನೋಡಿ ಇಷ್ಟು ಮೋಡ ಕಟ್ಟಿರಬಹುದು ಎಂದು ಒಂದು ನಿಯಮ ಬರೆದಿರುತ್ತಾರೆ. ಆ ನಿಯಮದಲ್ಲೂ ಹೊಂದಿಸಿದ ಸಂಖ್ಯೆಗಳಿರುತ್ತವೆ. ನಿಮ್ಮ 0.78 ಅಲ್ಲಿ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಬಂದು ಕೂತಿರುತ್ತದೆ.

ಚೌಕವನ್ನು 25 ಅಥವಾ 50 ಕಿ.ಮೀ.ಗೆ ಇಳಿಸಿದ ಪ್ರಾದೇಶಿಕ ಮಾದರಿಗಳೂ ಇವೆ. ಘಟ್ಟ ಅವುಗಳಲ್ಲಿ ಚೆನ್ನಾಗಿ ಮೂಡುತ್ತದೆ. ಆದರೆ ಅವುಗಳ ಅಂಚಿಗೆ ಗಾಳಿ, ತೇವ ಬರುವುದು ಜಾಗತಿಕ ಮಾದರಿಯಿಂದಲೇ. ಅಲ್ಲಿ ಮುಂಗಾರಿನ ದಾರಿ ತಪ್ಪಿದ್ದರೆ ಇಲ್ಲಿ ಅದೇ ತಪ್ಪು ಹೆಚ್ಚು ವಿವರವಾಗಿ ಕಾಣುತ್ತದೆ, ಅಷ್ಟೇ. ವಿವರ ಹೆಚ್ಚಿದ್ದಕ್ಕೆ ಹೆಚ್ಚು ನಿಖರ ಎಂದುಕೊಳ್ಳುವುದು ಪ್ರಾಜೆಕ್ಟ್ ವರದಿಗಳಲ್ಲಿ ನಾನು ಕಾಣುವ ಅತಿ ದೊಡ್ಡ ಅಪಾಯ. ತಾಲ್ಲೂಕುವಾರು ಬಣ್ಣ ಬಳಿದ 2050ರ ಮಳೆ ನಕ್ಷೆ ಕೈಗೆ ಸಿಕ್ಕರೆ ಮೊದಲು ಕೇಳಬೇಕಾದದ್ದು, ಇದೇ ಮಾದರಿ 1980ರಿಂದ 2010ರವರೆಗಿನ ಪಾವಗಡದ ಮಳೆಯನ್ನು ಸರಿಯಾದ ತಿಂಗಳಲ್ಲಿ, ಸರಿಯಾದ ಪ್ರಮಾಣದಲ್ಲಿ ತೋರಿಸಿತ್ತೇ ಎಂದು. ಸೆಪ್ಟೆಂಬರಿನ ಮಳೆಯನ್ನು ಜುಲೈನಲ್ಲಿ ಸುರಿಸುವ ಮಾದರಿಯ ವಾರ್ಷಿಕ ಮೊತ್ತ ಸರಿ ಬಂದಿದ್ದರೂ ಕಡಲೆಕಾಯಿಗೆ ಅದು ಪ್ರಯೋಜನವಿಲ್ಲ.

ಮುಂಗಾರಿನ ವಿಷಯದಲ್ಲಿ ದೊಡ್ಡ ಮಾದರಿಗಳು ಎಡವಿದ ಒಂದು ಉದಾಹರಣೆ ನಿಮ್ಮ ಅಸೈನ್‌ಮೆಂಟಿಗೂ ಉಪಯೋಗವಾಗಬಹುದು. ಭೂಮಿ ಬಿಸಿಯಾದರೆ ಮುಂಗಾರಿನ ಮಳೆ ಒಟ್ಟಾರೆ ಹೆಚ್ಚಬೇಕು ಎಂದು ಬಹುತೇಕ ಮಾದರಿಗಳು ಹೇಳುತ್ತವೆ. ಆದರೆ ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ನೂರಕ್ಕೆ 6ರಷ್ಟು ಕಡಿಮೆಯಾಯಿತು. ಕಾರಣಗಳಲ್ಲಿ ಮುಖ್ಯವಾದದ್ದು ಹೊಗೆ, ಕಲ್ಲಿದ್ದಲು, ವಾಹನಗಳಿಂದ ಗಾಳಿಗೆ ಸೇರಿದ ಸೂಕ್ಷ್ಮ ಕಣಗಳು. ಅವು ಉಪಖಂಡದ ಮೇಲೆ ಬಿಸಿಲನ್ನು ತಡೆದು, ಮುಂಗಾರನ್ನು ಎಳೆಯುವ ನೆಲ–ಸಮುದ್ರದ ತಾಪದ ವ್ಯತ್ಯಾಸವನ್ನೇ ಕುಗ್ಗಿಸಿದವು. ನಿಮ್ಮ ಸೂತ್ರದಲ್ಲಿ ಈ ಕಣಗಳಿಗೆ ಒಂದು ಅಕ್ಷರವೂ ಇಲ್ಲ. ಮುಂದಿನ ದಶಕಗಳಲ್ಲಿ ಈ ಹೊಗೆ ಎಷ್ಟು ಬೇಗ ಕಡಿಮೆಯಾಗುತ್ತದೆ ಎನ್ನುವುದು ಭೌತವಿಜ್ಞಾನದ ಪ್ರಶ್ನೆಯೇ ಅಲ್ಲ, ಜನ ಮತ್ತು ಸರ್ಕಾರ ಏನು ಮಾಡುತ್ತಾರೆ ಎಂಬ ಪ್ರಶ್ನೆ. ಮಾದರಿಯ ಹೊರಗಿನಿಂದ ಬರುವ ಇಂಥ ಊಹೆಗಳಿಗೆ ಮದ್ದಿಲ್ಲ, ಬೇರೆ ಬೇರೆ ಊಹೆ ಹಾಕಿ ಉತ್ತರಗಳ ಹರವನ್ನು ತೋರಿಸಬಹುದು, ಅಷ್ಟೇ.

ಮಳೆಯ ಬಗ್ಗೆ ಶಾಖದ ಲೆಕ್ಕದಿಂದಲೇ ಹೇಳಬಹುದಾದ ಒಂದು ಮಾತು ಮಾತ್ರ ಇದೆ, ಅದು ಊರಿಗಲ್ಲ, ಇಡೀ ಭೂಮಿಗೆ. ಗಾಳಿಯಲ್ಲಿ ತೇವ ಒಂದು ಡಿಗ್ರಿಗೆ ನೂರಕ್ಕೆ 7ರಂತೆ ಹೆಚ್ಚಿದರೂ, ಭೂಮಿಯ ಒಟ್ಟು ಮಳೆ ಹೆಚ್ಚುವುದು 1ರಿಂದ 3ರಷ್ಟು ಮಾತ್ರ. ನೀರಾವಿ ಮಳೆಯಾಗುವಾಗ ಬಿಡುವ ಶಾಖವನ್ನು ವಾತಾವರಣ ಆಕಾಶಕ್ಕೆ ಕಳಿಸಬೇಕು, ಆ ವೇಗಕ್ಕೆ ಮಿತಿಯಿದೆ. ಹಿಡಿದಿಟ್ಟುಕೊಳ್ಳುವ ತೇವ ಬೇಗ ಹೆಚ್ಚುತ್ತಿದೆ, ಒಟ್ಟು ಮಳೆ ನಿಧಾನವಾಗಿ ಹೆಚ್ಚುತ್ತಿದೆ ಅಂದರೆ, ಬಂದಾಗ ಜೋರಾಗಿ ಸುರಿದು ನಡುವೆ ಬಿಡುವು ಉದ್ದವಾಗುವ ಕಡೆಗೆ ವಾಲುತ್ತದೆ. ಅಪ್ಪನವರಿಗೆ ಹವಾಮಾನ ವಿಜ್ಞಾನದಿಂದ ಒಯ್ಯಬಹುದಾದ ಮಾತುಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಇದೂ ಒಲವು ಮಾತ್ರ, ಪಾವಗಡಕ್ಕೆ ಈ ವರ್ಷದ ಭವಿಷ್ಯವಲ್ಲ.

ಈ ವರ್ಷ ಯಾವಾಗ ಬಿತ್ತಬೇಕು ಎನ್ನುವುದಕ್ಕೆ ಹವಾಮಾನ ಮಾದರಿಯ ಹತ್ತಿರ ಹೋಗಲೇಬಾರದು. ಅದಕ್ಕೆ ಹವಾಮಾನ ಇಲಾಖೆಯ ಐದು ದಿನದ ಮುನ್ಸೂಚನೆ ಇದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ಇದೆ. ಆ ಮುನ್ಸೂಚನೆಯೂ ಗುಡುಗು ಮಳೆಯ ವಿಷಯದಲ್ಲಿ ಊರು ತಪ್ಪುವುದುಂಟು, ಆದ್ದರಿಂದ ಮಣ್ಣಿನ ಹದ ಕೈಯಲ್ಲಿ ನೋಡದೆ ಮುನ್ಸೂಚನೆಯೊಂದನ್ನೇ ನೆಚ್ಚಿ ಬೀಜ ಹಾಕುವುದು ಬೇಡ. ಹತ್ತಿಪ್ಪತ್ತು ವರ್ಷದ ತೀರ್ಮಾನ, ಅಂದರೆ ಹೊಸ ತೋಟ ಹಾಕುವುದೋ, ಕೃಷಿ ಹೊಂಡ ತೆಗೆಸುವುದೋ ಎಂದಾದರೆ ಮಾತ್ರ ಮಾದರಿಗಳ ಮಾತಿಗೆ ತೂಕವಿದೆ. ಆಗಲೂ ಒಂದೇ ಮಾದರಿ ನೋಡಬೇಡಿ, ಹಲವನ್ನು ಪಕ್ಕಪಕ್ಕದಲ್ಲಿಟ್ಟು ಎಲ್ಲವೂ ಒಪ್ಪುವ ಭಾಗವನ್ನು ಮಾತ್ರ ತೆಗೆದುಕೊಳ್ಳಿ. ತಾಪಮಾನ ಏರುವುದರ ಬಗ್ಗೆ ಒಪ್ಪಿಗೆ ಇರುತ್ತದೆ. ಬಿಸಿ ಹೆಚ್ಚಾದರೆ ಹೊಂಡದ ನೀರು ಹೆಚ್ಚು ಆವಿಯಾಗುತ್ತದೆ ಎಂಬಷ್ಟರ ಮೇಲೆ ತೀರ್ಮಾನ ಕಟ್ಟಬಹುದು. ಜಿಲ್ಲೆಯ ಒಟ್ಟು ಮಳೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಕಟ್ಟಬೇಡಿ.

ಇನ್ನು ನಿಮ್ಮ ಉತ್ತರ ಪತ್ರಿಕೆಯ ವಿಷಯ. "ಮಾದರಿಯ ಊಹೆ ಮತ್ತು ಮಿತಿಗಳನ್ನು ಬರೆಯಿರಿ" ಎಂದು ಕೇಳಿದಾಗ "ಇದು ಸರಳ ಮಾದರಿ, ವಾಸ್ತವ ಸಂಕೀರ್ಣ" ಎಂದು ಬರೆದರೆ ಯಾವ ಮಾದರಿಗೂ ಅದು ಹೊಂದುತ್ತದೆ, ಅಂಕ ಸಿಕ್ಕರೂ ವಿಷಯ ಸಿಕ್ಕಂತಾಗುವುದಿಲ್ಲ. ಪ್ರತಿ ಊಹೆಯ ಪಕ್ಕ ಅದು ಎಷ್ಟು ವ್ಯಾಟ್ ತಪ್ಪು ತರುತ್ತದೆ ಎಂದು ಬರೆಯಿರಿ: ದಾರಿಯಲ್ಲಿ ಬಿಸಿಲು ಹೀರಿಕೆಯಾಗುವುದನ್ನು ಬಿಟ್ಟಿದ್ದಕ್ಕೆ 80, ಆವಿ ಮತ್ತು ಗಾಳಿ ಬಿಟ್ಟಿದ್ದಕ್ಕೆ 100, ಕೆಳಮುಖ ಶಾಖದಲ್ಲಿ 190. ಬಂದಷ್ಟೇ ಹೋಗುತ್ತಿದೆ ಎಂಬ ಊಹೆಯನ್ನು ಮರೆಯಬೇಡಿ. ಅಳತೆಗಳ ಪ್ರಕಾರ ಈಗ ಭೂಮಿಗೆ ಬರುತ್ತಿರುವುದು ಹೋಗುತ್ತಿರುವುದಕ್ಕಿಂತ ಸುಮಾರು 1 ವ್ಯಾಟ್ ಹೆಚ್ಚು, ಅದರಲ್ಲಿ ನೂರಕ್ಕೆ 90 ಪಾಲು ಸಮುದ್ರಕ್ಕಿಳಿಯುತ್ತಿದೆ. ಸಂಖ್ಯೆ ಸಣ್ಣದು, ಆದರೆ ಬೇರೆ ಊಹೆಗಳ ನೂರಾರು ವ್ಯಾಟ್ ತಪ್ಪಿನ ನಡುವೆ ಈ ಒಂದು ವ್ಯಾಟೇ ನಾವು ಹುಡುಕುತ್ತಿರುವ ಬದಲಾವಣೆ. ಹಾಗಾಗಿಯೇ ನಿಮ್ಮ ಸೂತ್ರದಿಂದ ಅದನ್ನು ಅಳೆಯಲು ಆಗುವುದಿಲ್ಲ, ಉಪಗ್ರಹ ಮತ್ತು ಸಾಗರದೊಳಗಿನ ತಾಪಮಾಪಕಗಳು ಬೇಕಾದವು.

ಸಮಯವಿದ್ದರೆ ಇನ್ನೊಂದು ಹೆಜ್ಜೆ ಇಡಿ. 1967ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಒಂದು ಪದರದ ಬದಲು ನೆಲದಿಂದ ಮೇಲಿನವರೆಗೆ ಒಂದೇ ಕಂಬದಲ್ಲಿ ಹಲವು ಪದರ ಇಟ್ಟು, ಬಿಸಿಗಾಳಿ ಮೇಲೇರಲು ಅವಕಾಶ ಕೊಟ್ಟು ಲೆಕ್ಕ ಹಾಕಿದರು. ಇಂಗಾಲ ಎರಡು ಪಟ್ಟಾದರೆ 2 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಏರುತ್ತದೆ ಎಂದು ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ, ಕೆಳಗಿನ ವಾತಾವರಣ ಬಿಸಿಯಾಗುವಾಗ ಮೇಲಿನ ಸ್ತರಗೋಳ ತಣ್ಣಗಾಗಬೇಕು ಎಂದೂ ಸಿಕ್ಕಿತು. ಯಾವ ಸಂಖ್ಯೆಯನ್ನೂ ಅದಕ್ಕೆಂದು ಹೊಂದಿಸಿರಲಿಲ್ಲ, ಅಳತೆಯೂ ಆಗ ಇರಲಿಲ್ಲ. ಮುಂದಿನ ದಶಕಗಳಲ್ಲಿ ಬಲೂನು, ಉಪಗ್ರಹಗಳು ಅಳೆದಾಗ ಸ್ತರಗೋಳ ತಣ್ಣಗಾಗುತ್ತಿರುವುದು ಕಂಡಿತು. ಸೂರ್ಯನೇ ಹೆಚ್ಚು ಉರಿಯುತ್ತಿದ್ದರೆ ಮೇಲೂ ಕೆಳಗೂ ಎರಡೂ ಬಿಸಿಯಾಗಬೇಕಿತ್ತು. ಮನಾಬೆ ಅವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ನಿಮ್ಮ ಒಂದು ಪದರದ ಮಾದರಿಯನ್ನು ಎರಡು ಪದರ ಮಾಡಿ, ಮೇಲಿನ ಪದರ ಬಿಸಿಲಿನಲ್ಲಿ ಸ್ವಲ್ಪ ಪಾಲು ಹೀರುತ್ತದೆ ಎಂದಿಟ್ಟು, ಆ ಪದರದ ಎಪ್ಸಿಲಾನ್ ಏರಿಸಿದಾಗ ಅದರ ತಾಪಮಾನ ಏನಾಗುತ್ತದೆ ಎಂದು ಬಿಡಿಸಿ ನೋಡಿ. ಎರಡು ಸಮೀಕರಣದ ಬದಲು ಮೂರು ಆಗುತ್ತವೆ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಉತ್ತರ ಬಂದ ಮೇಲೆ ನನಗೆ ಬರೆಯಿರಿ.